ಹಂಚಿಕೆ ತಡವಾದಷ್ಟೂ ಮೀಸಲು ಕಡಿಮೆ

(ದಾಸ್ತಾನು ಮತ್ತು ಗೋದಾಮು ನೋಡಿಕೊಳ್ಳುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಪರದೆಯ ಮೇಲಿರುವ ಈ ಪಟ್ಟಿಯನ್ನು ಒಂದು ನಿಮಿಷ ನೋಡಿ. ಒಂದು ಬೇರಿಂಗ್, ಒಂದೇ ಪಾರ್ಟ್ ನಂಬರ್, ನಾಲ್ಕು ಡಿಪೋ. ಆರು ವಾರಗಳಲ್ಲಿ ಯಾವ ಡಿಪೋದಲ್ಲಿ ಎಷ್ಟು ಕೇಳಿದರು ಅನ್ನುವ ಲೆಕ್ಕ. ಉದಾಹರಣೆಗೆಂದು ನಾನೇ ಜೋಡಿಸಿದ ಅಂಕಿಗಳು ಇವು. ಆದರೆ ನಿಮ್ಮ ಕಂಪ್ಯೂಟರಿನಲ್ಲಿರುವ ಪಟ್ಟಿಯೂ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ.

| ವಾರ | ಉತ್ತರ | ದಕ್ಷಿಣ | ಪೂರ್ವ | ಪಶ್ಚಿಮ | ಒಟ್ಟು |
|---|---|---|---|---|---|
| 1 | 140 | 95 | 60 | 155 | 450 |
| 2 | 60 | 50 | 105 | 110 | 325 |
| 3 | 105 | 150 | 145 | 60 | 460 |
| 4 | 90 | 130 | 60 | 95 | 375 |
| 5 | 150 | 110 | 90 | 130 | 480 |
| 6 | 55 | 65 | 140 | 50 | 310 |

ಮೊದಲು ಉತ್ತರ ಡಿಪೋದ ಕಾಲಂ ನೋಡಿ. ಸರಾಸರಿ ವಾರಕ್ಕೆ 100. ಆದರೆ ಒಂದು ವಾರ 55, ಇನ್ನೊಂದು ವಾರ 150. ಅಲ್ಲಿ ಕೂತಿರುವ ಮ್ಯಾನೇಜರ್‌ಗೆ ನೆಮ್ಮದಿಯಿಂದ ನಿದ್ದೆ ಬರಬೇಕಾದರೆ ಕೈಯಲ್ಲಿ ಒಂದಷ್ಟು ಹೆಚ್ಚುವರಿ ಮಾಲು, ಅಂದರೆ ಸೇಫ್ಟಿ ಸ್ಟಾಕ್, ಇರಲೇಬೇಕು. ಉಳಿದ ಮೂರು ಡಿಪೋಗಳ ಕಥೆಯೂ ಇದೇ.

ಈಗ ಕೊನೆಯ ಕಾಲಂ ನೋಡಿ. ಸರಾಸರಿ 400. ಅತಿ ಜಾಸ್ತಿ ಅಂದರೆ 480, ಸರಾಸರಿಗಿಂತ ನೂರಕ್ಕೆ 20 ಹೆಚ್ಚು. ಉತ್ತರದಲ್ಲಿ ಅದೇ ಏರಿಕೆ ನೂರಕ್ಕೆ 50 ಇತ್ತು. ಮೊದಲ ವಾರ ಪಶ್ಚಿಮಕ್ಕೆ 155 ಬೇಕಾಯಿತು, ಆದರೆ ಪೂರ್ವಕ್ಕೆ 60 ಸಾಕಾಯಿತು. ಆರನೇ ವಾರ ಪೂರ್ವ 140ಕ್ಕೆ ಏರಿತು, ಉಳಿದ ಮೂರೂ ಇಳಿದವು. ಒಂದರ ಏರು ಇನ್ನೊಂದರ ಇಳಿತದಲ್ಲಿ ಒಂದಷ್ಟು ಕರಗಿ ಹೋಗುತ್ತದೆ. ಯಾರೂ ಯಾರಿಗೂ ಹೇಳಿ ಮಾಡಿದ್ದಲ್ಲ, ಅದರ ಪಾಡಿಗೆ ಅದು ಆಗುತ್ತದೆ. ರಿಸ್ಕ್ ಪೂಲಿಂಗ್ ಅಂತ ನಾವು ಕರೆಯುವುದು ಇದನ್ನೇ.

ಏರಿಳಿತವನ್ನು ಒಂದೇ ಅಂಕಿಯಲ್ಲಿ ಹೇಳಲು ಸ್ಟ್ಯಾಂಡರ್ಡ್ ಡೀವಿಯೇಶನ್ ಬಳಸುತ್ತೇವೆ. ಈ ಪಟ್ಟಿಯಲ್ಲಿ ಅದು ಉತ್ತರಕ್ಕೆ ಸುಮಾರು 40, ದಕ್ಷಿಣಕ್ಕೆ 38, ಪೂರ್ವಕ್ಕೆ 37, ಪಶ್ಚಿಮಕ್ಕೆ 40. ನಾಲ್ಕನ್ನೂ ಕೂಡಿದರೆ 155. ಆದರೆ ಒಟ್ಟು ಕಾಲಂನ ಸ್ಟ್ಯಾಂಡರ್ಡ್ ಡೀವಿಯೇಶನ್ ಎಷ್ಟು ಗೊತ್ತಾ? ಬರೀ 73. ಅರ್ಧಕ್ಕಿಂತಲೂ ಕಡಿಮೆ. ಇವತ್ತಿನ ಮಾತೆಲ್ಲ ಈ 155 ಮತ್ತು 73ರ ನಡುವಿನ ಅಂತರದ ಬಗ್ಗೆ.

ಅರ್ಧ ಹೇಗಾಯಿತು

ಲೆಕ್ಕ ಸುಲಭವಾಗಲಿ ಅಂತ ನಾಲ್ಕೂ ಡಿಪೋಗಳ ಏರಿಳಿತ ವಾರಕ್ಕೆ 40 ಅಂತ ಇಟ್ಟುಕೊಳ್ಳೋಣ. ಮಾಲು ಆರ್ಡರ್ ಮಾಡಿದ ಮೇಲೆ ಕಾರ್ಖಾನೆಯಿಂದ ಬರಲು 4 ವಾರ ಬೇಕು. ಅದು ಲೀಡ್ ಟೈಮ್. ನೂರು ಸಲ ಆರ್ಡರ್ ಮಾಡಿದರೆ 95 ಸಲ ಮಾಲು ಬರುವವರೆಗೂ ಸ್ಟಾಕ್ ಮುಗಿಯಬಾರದು ಅನ್ನುವುದು ನಮ್ಮ ಗುರಿ. ಅದಕ್ಕೆ ಬಳಸುವ ಗುಣಕ ಸುಮಾರು 1.65.

ಒಂದು ಡಿಪೋದ ಸೇಫ್ಟಿ ಸ್ಟಾಕ್ ಹೀಗೆ ಬರುತ್ತದೆ: 1.65 × 40 × √4 = 132. ನಾಲ್ಕು ವಾರಕ್ಕೆ ನಾಲ್ಕು ಪಟ್ಟು ಮಾಡದೆ ಎರಡೇ ಪಟ್ಟು ಮಾಡಿದ್ದೇವೆ, ಗಮನಿಸಿ. ಒಂದು ವಾರದ ಏರಿಕೆಯನ್ನು ಇನ್ನೊಂದು ವಾರದ ಇಳಿಕೆ ತಿನ್ನುತ್ತದೆ. ಹಾಗಾಗಿ ಇಲ್ಲಿ ವರ್ಗಮೂಲ. ಸುಮ್ನೆ ಯೋಚಿಸಿ, ವಾರಗಳ ನಡುವೆ ನಡೆಯುವ ಈ ಸರಿದೂಗುವಿಕೆಯನ್ನು ನಾವು ದಿನಾ ಒಪ್ಪಿಕೊಂಡೇ ಲೆಕ್ಕ ಹಾಕುತ್ತೇವೆ. ಡಿಪೋಗಳ ನಡುವೆಯೂ ಅದೇ ನಡೆಯುತ್ತದೆ ಅಂದಾಗ ಮಾತ್ರ ಅನುಮಾನ ಬರುತ್ತದೆ.

ನಾಲ್ಕು ಡಿಪೋ ಸೇರಿ 132 × 4 = 528 ಬೇರಿಂಗ್. ಅದೇ ಮಾಲನ್ನು ಒಂದೇ ಗೋದಾಮಿನಲ್ಲಿ ಇಟ್ಟು ಅಲ್ಲಿಂದಲೇ ನಾಲ್ಕು ಪ್ರದೇಶಗಳಿಗೂ ಕೊಟ್ಟರೆ ಎಷ್ಟು ಬೇಕು? ಒಟ್ಟು ಬೇಡಿಕೆಯ ಏರಿಳಿತ ವಾರಕ್ಕೆ 160 ಆಗುವುದಿಲ್ಲ, 80 ಆಗುತ್ತದೆ. ಆಗ ಸೇಫ್ಟಿ ಸ್ಟಾಕ್ 1.65 × 80 × √4 = 264. ಸರಿಯಾಗಿ ಅರ್ಧ.

160ರ ಬದಲು 80 ಯಾಕೆ ಅಂತ ಯಾವಾಗಲೂ ಕೇಳುತ್ತಾರೆ. ನಾನು ನೆಲದ ಮೇಲೆ ಗೆರೆ ಎಳೆದು ತೋರಿಸುತ್ತೇನೆ. ಒಬ್ಬ 40 ಹೆಜ್ಜೆ ನೇರ ನಡೆದು, ಲಂಬವಾಗಿ ತಿರುಗಿ ಮತ್ತೆ 40 ಹೆಜ್ಜೆ ನಡೆದರೆ ಹೊರಟ ಜಾಗದಿಂದ 80 ಹೆಜ್ಜೆ ದೂರ ಇರುವುದಿಲ್ಲ. ಸುಮಾರು 57 ಹೆಜ್ಜೆ ದೂರ ಇರುತ್ತಾನೆ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಲೆಕ್ಕ, ಅಲ್ವಾ? ಒಂದಕ್ಕೊಂದು ಸಂಬಂಧವಿಲ್ಲದ ಏರಿಳಿತಗಳು ಹೀಗೆ ಲಂಬವಾಗಿ ನಿಂತ ಗೆರೆಗಳ ಹಾಗೆ ಕೂಡುತ್ತವೆ. ನಾಲ್ಕು ಗೆರೆ ಕೂಡಿದರೆ 80. ಅಂದರೆ ಒಂದು ಡಿಪೋದ ಎರಡು ಪಟ್ಟು. ಡಿಪೋಗಳು 9 ಇದ್ದರೆ ಮೂರು ಪಟ್ಟು, 16 ಇದ್ದರೆ ನಾಲ್ಕು ಪಟ್ಟು. ಇದನ್ನು ವರ್ಗಮೂಲದ ನಿಯಮ ಅನ್ನುತ್ತಾರೆ. ಈ ಹೆಸರು ಚಲಾವಣೆಗೆ ಬಂದದ್ದು 1976ರಲ್ಲಿ ಡೇವಿಡ್ ಮೈಸ್ಟರ್ ಬರೆದ ಲೇಖನದಿಂದ. 1979ರಲ್ಲಿ ಗ್ಯಾರಿ ಎಪ್ಪೆನ್ ಇದನ್ನು ವೆಚ್ಚದ ಲೆಕ್ಕಕ್ಕೆ ತಂದರು. ಬೇಡಿಕೆಗಳ ನಡುವೆ ಸಂಬಂಧ ಬಲವಾದಷ್ಟೂ ಉಳಿತಾಯ ಕರಗುತ್ತದೆ ಅಂತ ತೋರಿಸಿದವರೂ ಅವರೇ. ನನಗೆ ಎಪ್ಪೆನ್ ಅವರ ಈ ಎರಡನೇ ಮಾತೇ ಹೆಚ್ಚು ಮುಖ್ಯ ಅನಿಸುತ್ತದೆ.

ಯಾಕೆಂದರೆ ಡಿಪೋಗಳು ಒಂದಕ್ಕೊಂದು ಪೂರ್ತಿ ಸಂಬಂಧವಿಲ್ಲದೆ ಇರುವುದು ಅಪರೂಪ. ಒಂದು ರಿಯಾಯಿತಿ ಘೋಷಿಸಿದರೆ ನಾಲ್ಕೂ ಕಡೆ ಒಟ್ಟಿಗೆ ಏರುತ್ತದೆ. ಗೆರೆಗಳು ಲಂಬವಾಗಿ ನಿಲ್ಲದೆ ಒಂದೇ ದಿಕ್ಕಿಗೆ ವಾಲುತ್ತವೆ. ಎರಡು ಡಿಪೋಗಳು ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿ ಇಳಿಯುತ್ತವೆ ಅನ್ನುವುದನ್ನು ಅಳೆಯುವ ಅಂಕಿಯೇ ಸಹಸಂಬಂಧ. ಪ್ರತಿ ಎರಡು ಡಿಪೋಗಳ ನಡುವೆ ಅದು 0.3 ಇದ್ದರೂ ನಮ್ಮ 264 ಹೋಗಿ 364 ಆಗುತ್ತದೆ. ಉಳಿತಾಯ ನೂರಕ್ಕೆ 50ರಿಂದ 31ಕ್ಕೆ ಇಳಿಯಿತು. ಸಹಸಂಬಂಧ 1 ಆದರೆ ಎಲ್ಲ ಗೆರೆಗಳೂ ಒಂದೇ ನೇರಕ್ಕೆ ಬರುತ್ತವೆ. ಆಗ ಮತ್ತೆ 528. ಗೋದಾಮು ಕಟ್ಟಿದ್ದಷ್ಟೇ ಬಂತು.

ನಿಮ್ಮ ಅಂಕಿಗಳಲ್ಲಿ ನೋಡುವುದು ಹೇಗೆ

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ. ಸಹಸಂಬಂಧವನ್ನು ಬೇರೆಯಾಗಿ ಲೆಕ್ಕ ಹಾಕುವ ಅಗತ್ಯವೂ ಇಲ್ಲ. ಒಂದು ವರ್ಷದ ವಾರವಾರು ಬೇಡಿಕೆಯನ್ನು ಡಿಪೋಗೆ ಒಂದು ಕಾಲಂನಂತೆ ಹಾಕಿ. B ಇಂದ E ವರೆಗೆ ನಾಲ್ಕು ಡಿಪೋ, F ನಲ್ಲಿ ಒಟ್ಟು. ಆಮೇಲೆ ಈ ಒಂದು ಸಾಲು ಸಾಕು:

```
=STDEV.S(F2:F53)/(STDEV.S(B2:B53)+STDEV.S(C2:C53)+STDEV.S(D2:D53)+STDEV.S(E2:E53))
```

ಉತ್ತರ 1ರ ಹತ್ತಿರ ಬಂದರೆ ಪೂಲಿಂಗ್‌ನಿಂದ ಹೆಚ್ಚೇನೂ ಸಿಗುವುದಿಲ್ಲ. ನಾಲ್ಕು ಡಿಪೋಗಳಿಗೆ 0.5ರ ಆಸುಪಾಸು ಬಂದರೆ ಒಳ್ಳೆಯ ಲಾಭ ಇದೆ. ಸಹಸಂಬಂಧ ಎಷ್ಟೇ ಇರಲಿ, ಅದು ಒಟ್ಟು ಕಾಲಂನೊಳಗೆ ತಾನಾಗಿಯೇ ಸೇರಿಕೊಂಡಿರುತ್ತದೆ.

ಆದರೆ ಈ ಸಾಲನ್ನು ಹಾಕುವ ಮೊದಲು ಅಂಕಿಗಳನ್ನು ಎರಡು ಕಡೆ ಶುದ್ಧ ಮಾಡಿಕೊಳ್ಳಬೇಕು.

ಮೊದಲನೆಯದು, ಮುಂಚೆಯೇ ಗೊತ್ತಿರುವ ಏರಿಳಿತವನ್ನು ತೆಗೆದುಬಿಡಿ. ಒಂದು ಋತುವಿನಲ್ಲಿ ಬೇಡಿಕೆ ಏರುತ್ತದೆ ಅಂತ ಗೊತ್ತಿದ್ದರೆ ಅದು ಮುನ್ಸೂಚನೆಯೊಳಗೇ ಇರುತ್ತದೆ. ಸೇಫ್ಟಿ ಸ್ಟಾಕ್ ಇರುವುದು ಮುನ್ಸೂಚನೆ ತಪ್ಪಿದಾಗಿನ ಅಂತರಕ್ಕೆ ಮಾತ್ರ. ಆದ್ದರಿಂದ ಬೇಡಿಕೆಯನ್ನೇ ಹಾಕುವ ಬದಲು, ನಿಜವಾದ ಬೇಡಿಕೆಯಿಂದ ಮುನ್ಸೂಚನೆಯನ್ನು ಕಳೆದು ಆ ವ್ಯತ್ಯಾಸವನ್ನು ಕಾಲಂಗೆ ಹಾಕಿ. ಋತುವಿನಿಂದಾಗಿ ಎಲ್ಲ ಡಿಪೋಗಳೂ ಜೊತೆಜೊತೆಗೆ ಏರಿ ಇಳಿಯುವ ಹಾಗೆ ಕಂಡಿದ್ದರೆ, ಹೀಗೆ ಮಾಡಿದಾಗ ಅದು ಕಡಿಮೆಯಾಗುತ್ತದೆ. ಪೂಲಿಂಗ್‌ನ ಲಾಭ ಮೊದಲು ಅಂದುಕೊಂಡದ್ದಕ್ಕಿಂತ ಜಾಸ್ತಿ ಕಾಣಬಹುದು.

ಎರಡನೆಯದು ಸ್ವಲ್ಪ ಕಳ್ಳ ತಪ್ಪು. ನಾನೂ ಇದರಲ್ಲಿ ಸಿಕ್ಕಿಕೊಂಡಿದ್ದೇನೆ. ಒಂದು ಕಡೆ ಲೆಕ್ಕ ಹಾಕಿದಾಗ ಎರಡು ಅಕ್ಕಪಕ್ಕದ ಡಿಪೋಗಳು ಅದ್ಭುತವಾಗಿ ಒಂದನ್ನೊಂದು ಸರಿದೂಗಿಸುವಂತೆ ಕಂಡವು. ಒಂದು ಏರಿದಾಗೆಲ್ಲ ಇನ್ನೊಂದು ಇಳಿಯುತ್ತಿತ್ತು. ಖುಷಿಯಿಂದ ವರದಿ ಬರೆಯಲು ಕೂತೆ. ಆಮೇಲೆ ಸ್ಟಾಕ್ ಸೊನ್ನೆಯಾಗಿದ್ದ ದಿನಗಳ ಪಟ್ಟಿ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಒಂದು ಡಿಪೋದಲ್ಲಿ ಮಾಲು ಮುಗಿದ ವಾರಗಳಲ್ಲಿ ಗ್ರಾಹಕರು ಪಕ್ಕದ ಡಿಪೋಗೆ ಹೋಗಿ ಕೊಂಡಿದ್ದರು. ನಾನು ಬೇಡಿಕೆ ಅಂತ ಹಾಕಿದ್ದು ಬರೀ ಮಾರಾಟದ ಅಂಕಿ. ಬೇಡಿಕೆ ಇಳಿದಿರಲೇ ಇಲ್ಲ, ಕೊಡಲು ಮಾಲು ಇರಲಿಲ್ಲ ಅಷ್ಟೇ. ಮಾಲು ಇಲ್ಲದ್ದರಿಂದಲೇ ಹುಟ್ಟಿದ ಏರಿಳಿತವನ್ನು ಪೂಲಿಂಗ್‌ನ ಲಾಭ ಅಂತ ಬರೆಯುವುದರಲ್ಲಿದ್ದೆ. ಅಂದಿನಿಂದ, ಸ್ಟಾಕ್ ಮುಗಿದಿದ್ದ ವಾರಗಳನ್ನು ಗುರುತು ಹಾಕಿ ಬದಿಗಿಡದೆ ನಾನು ಈ ಲೆಕ್ಕ ಶುರು ಮಾಡುವುದಿಲ್ಲ.

ಆ ಪಟ್ಟಿಯಿಂದ ಇನ್ನೊಂದು ಉಪಯೋಗವೂ ಇದೆ. ಸ್ಟಾಕ್ ಮುಗಿದ ಒಂದೊಂದು ಸಂದರ್ಭವನ್ನೂ ತೆಗೆದುಕೊಂಡು, ಅದೇ ದಿನ ಅದೇ ಪಾರ್ಟ್ ಬೇರೆ ಡಿಪೋದಲ್ಲಿ ಅವರ ಅಗತ್ಯ ಮೀರಿ ಇತ್ತಾ ಅಂತ ನೋಡಿ. ಹೆಚ್ಚಿನ ಸಲ ಇತ್ತು ಅಂತಾದರೆ ನಿಮ್ಮ ತೊಂದರೆ ಮಾಲಿನ ಕೊರತೆಯಲ್ಲ, ಮಾಲು ತಪ್ಪು ಜಾಗದಲ್ಲಿ ಕೂತಿರುವುದು. ಪೂಲಿಂಗ್ ಗುಣಪಡಿಸುವುದು ಆ ತೊಂದರೆಯನ್ನು ಮಾತ್ರ. ಎಲ್ಲ ಡಿಪೋಗಳಲ್ಲೂ ಒಂದೇ ದಿನ ಖಾಲಿಯಾಗಿತ್ತು ಅಂದರೆ ಮಾಲನ್ನು ಎಲ್ಲಿಟ್ಟರೂ ಅಷ್ಟೇ.

ಸಪ್ಲೈಯರ್ ತಡ ಮಾಡಿದಾಗ

ಇಲ್ಲಿಯವರೆಗೆ ಮಾಲು ಸರಿಯಾಗಿ 4 ವಾರಕ್ಕೆ ಬರುತ್ತದೆ ಅಂತ ಇಟ್ಟುಕೊಂಡಿದ್ದೆ. ನಿಮ್ಮಲ್ಲಿ ಹಲವರು ಮನಸ್ಸಿನಲ್ಲೇ ನಕ್ಕಿರುತ್ತೀರಿ. ಒಂದು ಸಲ 3 ವಾರ, ಇನ್ನೊಂದು ಸಲ 6 ವಾರ. ಲೀಡ್ ಟೈಮ್‌ನ ಏರಿಳಿತ 1 ವಾರ ಅಂತ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ಕೇಂದ್ರ ಗೋದಾಮಿನ ಲಾಭವನ್ನು ಊದಿಸಿ ಹೇಳುವ ವರದಿಗಳು ಎಡವುವುದು ಇಲ್ಲೇ.

ಒಂದು ಡಿಪೋಗೆ ಈಗ ಎರಡು ಬಗೆಯ ಅನಿಶ್ಚಿತತೆ. ಗ್ರಾಹಕರಿಂದ ಬರುವುದು: 40 × √4 = 80. ಸಪ್ಲೈಯರ್‌ನಿಂದ ಬರುವುದು: ಒಂದು ವಾರ ತಡವಾದರೆ ಆ ವಾರದ ಸರಾಸರಿ ಬೇಡಿಕೆ, ಅಂದರೆ 100. ಎರಡನ್ನೂ ಮೊದಲಿನ ಹಾಗೆ ಲಂಬ ಗೆರೆಗಳಾಗಿ ಕೂಡಿದರೆ 128. ಅದಕ್ಕೆ 1.65 ಗುಣಿಸಿದರೆ 211. ನಾಲ್ಕು ಡಿಪೋಗೆ 845.

ಈಗ ಕೇಂದ್ರ ಗೋದಾಮು. ಗ್ರಾಹಕರ ಭಾಗ 80 × √4 = 160. ಇಲ್ಲಿ ಪೂಲಿಂಗ್ ಕೆಲಸ ಮಾಡಿದೆ. ಸಪ್ಲೈಯರ್ ಭಾಗ? ಒಂದು ವಾರ ತಡವಾದರೆ ಈಗ ಕೊರತೆ ಬೀಳುವುದು 400. ಇಲ್ಲಿ ಯಾವುದೂ ಯಾವುದನ್ನೂ ಸರಿದೂಗಿಸುವುದಿಲ್ಲ. ಲಾರಿ ಒಂದೇ, ಅದು ತಡವಾದರೆ ನಾಲ್ಕು ಪ್ರದೇಶಗಳಿಗೂ ಒಟ್ಟಿಗೆ ತಡ. ಕೂಡಿದರೆ 431, ಸೇಫ್ಟಿ ಸ್ಟಾಕ್ 711. ಅಂದರೆ 845 ಇದ್ದದ್ದು 711 ಆಯಿತು. ನೂರಕ್ಕೆ 16 ಉಳಿತಾಯ. ಅರ್ಧ ಅಂತ ಹೇಳಿಕೊಂಡು ಹೊರಟವರಿಗೆ ಇದು ದೊಡ್ಡ ಆಘಾತ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಗೋದಾಮು ಕಟ್ಟಲೇ ಇಲ್ಲ. ಡಿಪೋಗಳು ಇದ್ದಲ್ಲೇ ಇವೆ. ಆದರೆ ಸಪ್ಲೈಯರ್ ಜೊತೆ ಕೂತು, ಆರ್ಡರ್ ಒಪ್ಪಿದ ದಿನವೇ ಕಳಿಸುವ ದಿನಾಂಕ ನಿಗದಿ ಮಾಡಿ, ತಡದ ಏರಿಳಿತವನ್ನು 1 ವಾರದಿಂದ ಅರ್ಧ ವಾರಕ್ಕೆ ತಂದಿರಿ ಅಂತಿಟ್ಟುಕೊಳ್ಳಿ. ಆಗ ಡಿಪೋ ಒಂದಕ್ಕೆ ಸುಮಾರು 156 ಸಾಕು, ನಾಲ್ಕಕ್ಕೆ 623. ಗೋದಾಮು ಕಟ್ಟಿ 711ಕ್ಕೆ ಇಳಿಸಿದ್ದಕ್ಕಿಂತ ಇದು ಕಡಿಮೆ! ಎರಡನ್ನೂ ಮಾಡಿದರೆ 423ಕ್ಕೆ ಬರುತ್ತದೆ. ಹಾಗಾಗಿ ನನ್ನನ್ನು ಕೇಳಿದವರಿಗೆಲ್ಲ ನಾನು ಹೇಳುವುದು, ಮೊದಲು ನಿಮ್ಮ ಸೇಫ್ಟಿ ಸ್ಟಾಕ್‌ನಲ್ಲಿ ಗ್ರಾಹಕರ ಪಾಲೆಷ್ಟು, ಸಪ್ಲೈಯರ್ ಪಾಲೆಷ್ಟು ಅಂತ ಬೇರೆ ಮಾಡಿ ನೋಡಿ. ಪೂಲಿಂಗ್ ಕರಗಿಸುವುದು ಮೊದಲನೆಯದನ್ನು ಮಾತ್ರ.

ಎಲ್ಲವನ್ನೂ ಕೇಂದ್ರಕ್ಕೆ ತರಬೇಕಾ?

ಬೇಡ. ಯಾವುದನ್ನು ತರಬೇಕು ಅನ್ನುವುದು ಮಾಲಿನ ಸ್ವಭಾವದ ಮೇಲೆ ಇದೆ. ಎರಡು ತುದಿಗಳನ್ನು ತೋರಿಸುತ್ತೇನೆ.

ಒಂದು ತುದಿಯಲ್ಲಿ ದಿನಾ ಓಡುವ ಮಾಲು. ಡಿಪೋದಲ್ಲಿ ವಾರಕ್ಕೆ 2000 ಹೋಗುತ್ತದೆ, ಏರಿಳಿತ 200 ಅಷ್ಟೇ. ಲೀಡ್ ಟೈಮ್ 4 ವಾರಕ್ಕೆ ಸೇಫ್ಟಿ ಸ್ಟಾಕ್ 660. ಅಂಕಿ ದೊಡ್ಡದು ಕಂಡರೂ ವಾರದ ಮಾರಾಟದ ಮೂರನೇ ಒಂದು ಭಾಗ ಮಾತ್ರ. ಪೂಲಿಂಗ್ ಮಾಡಿ ಅದನ್ನು ಅರ್ಧ ಮಾಡಿದರೂ ಉಳಿಯುವುದು ಸುಮಾರು ಒಂದು ದಿನದ ಮಾಲು. ಅದಕ್ಕೆ ಬದಲಾಗಿ ವಾರಕ್ಕೆ 2000 ನಗಗಳನ್ನೂ ದೂರದಿಂದ ಗ್ರಾಹಕರಿಗೆ ಬಿಡಿಬಿಡಿಯಾಗಿ ಕಳಿಸುವ ಖರ್ಚು ಹೊರಬೇಕು. ಇಂಥ ಮಾಲು ಡಿಪೋದಲ್ಲೇ ಇರಲಿ.

ಇನ್ನೊಂದು ತುದಿಯಲ್ಲಿ ವರ್ಷಕ್ಕೊಮ್ಮೆ ಕೇಳುವ ಬಿಡಿಭಾಗ. 20 ಡಿಪೋ, ಒಂದೊಂದರಲ್ಲೂ ವರ್ಷಕ್ಕೆ ಸರಾಸರಿ ಒಂದು ಹೋಗುತ್ತದೆ. ಒಂದು ಹೋದ ಕೂಡಲೇ ಇನ್ನೊಂದು ಆರ್ಡರ್ ಮಾಡುತ್ತೇವೆ, ಬರಲು 4 ವಾರ. ಪ್ರತಿ ಡಿಪೋದಲ್ಲೂ ಕನಿಷ್ಠ ಒಂದು ಇಡಬೇಕು, ಒಂದಕ್ಕಿಂತ ಕಡಿಮೆ ಇಡಲು ಆಗುವುದಿಲ್ಲವಲ್ಲ. ಒಟ್ಟು 20. ಹೀಗಿಟ್ಟರೆ ಕೇಳಿದವರಲ್ಲಿ ಸುಮಾರು ನೂರಕ್ಕೆ 93 ಜನರಿಗೆ ತಕ್ಷಣ ಸಿಗುತ್ತದೆ. ಅದನ್ನೇ ಒಂದು ಕಡೆ ಇಟ್ಟರೆ? ನಾಲ್ಕು ವಾರದಲ್ಲಿ 20 ಡಿಪೋ ಸೇರಿ ಕೇಳುವುದು ಸರಾಸರಿ ಒಂದೂವರೆ. ಇಂಥ ವಿರಳ ಬೇಡಿಕೆಗೆ ಬಳಸುವ ಪಾಯ್ಸಾನ್ ಲೆಕ್ಕದ ಪ್ರಕಾರ 5 ನಗ ಇದ್ದರೆ ಸುಮಾರು ನೂರಕ್ಕೆ 98 ಸಲ ಗೋದಾಮಿನಿಂದ ತಕ್ಷಣ ಕಳಿಸಬಹುದು. 20ರ ಜಾಗದಲ್ಲಿ 5, ಅದೂ ಮೊದಲಿಗಿಂತ ಒಳ್ಳೆಯ ಸೇವೆ. ಸಾಗಣೆ ಖರ್ಚು ವರ್ಷಕ್ಕೆ 20 ಪಾರ್ಸೆಲ್‌ಗಳದ್ದು. ಕೇಂದ್ರ ಗೋದಾಮು ತನ್ನ ಕೂಲಿಯನ್ನು ದುಡಿದುಕೊಳ್ಳುವುದು ಈ ನಿಧಾನದ ಮಾಲಿನಲ್ಲಿ.

ಒಂದೇ ಷರತ್ತು. ಗೋದಾಮಿನಿಂದ ತಲುಪಲು ಬೇಕಾದ ಒಂದೆರಡು ದಿನ ಗ್ರಾಹಕ ಕಾಯಬಲ್ಲನಾ? ಯಂತ್ರ ನಿಂತರೆ ಗಂಟೆಗಟ್ಟಲೆ ನಷ್ಟವಾಗುವ ಕಡೆ ಎಷ್ಟೇ ನಿಧಾನದ ಮಾಲಾದರೂ ಹತ್ತಿರವೇ ಇರಬೇಕು. ಅಲ್ಲಿ ವರ್ಗಮೂಲದ ಲೆಕ್ಕ ಹಿಡಿದು ವಾದ ಮಾಡಬಾರದು.

ಎರಡು ಕಡೆ ಇಟ್ಟು ಏನೂ ಉಳಿಸದ ಕಥೆ

ಗ್ರಾಹಕ ಕಾಯುವುದಿಲ್ಲ, ಡಿಪೋ ಬೇಕೇ ಬೇಕು. ಆಗ ಸಾಮಾನ್ಯವಾಗಿ ಮಾಡುವುದು, ಕೇಂದ್ರ ಗೋದಾಮನ್ನೂ ಇಟ್ಟು ಅಲ್ಲಿಂದ ವಾರಕ್ಕೊಮ್ಮೆ ಡಿಪೋಗಳಿಗೆ ತುಂಬಿಸುವುದು. ನಮ್ಮ ಬೇರಿಂಗ್‌ಗೇ ವಾಪಸ್ ಹೋಗೋಣ. ಸಪ್ಲೈಯರ್ ಸಮಯಕ್ಕೆ ಸರಿಯಾಗಿ ಕಳಿಸುತ್ತಾನೆ ಅಂತಿಟ್ಟುಕೊಳ್ಳಿ.

ಗೋದಾಮಿನಿಂದ ಡಿಪೋಗೆ ಲೀಡ್ ಟೈಮ್ 1 ವಾರ. ಡಿಪೋಗೆ 1.65 × 40 = 66, ನಾಲ್ಕಕ್ಕೆ 264. ಗೋದಾಮಿನಲ್ಲೂ ಅದೇ 95ರ ಗುರಿ ಇಟ್ಟು 264. ಒಟ್ಟು 528. ಗೋದಾಮು ಇಲ್ಲದಿದ್ದಾಗ ಎಷ್ಟಿತ್ತು? 528! ಬಾಡಿಗೆ, ಜನ, ಎರಡು ಸಲ ಇಳಿಸಿ ಹತ್ತಿಸುವ ಕೆಲಸ ಎಲ್ಲ ಸೇರಿತು. ಸ್ಟಾಕ್ ಮಾತ್ರ ಒಂದೂ ಕಡಿಮೆಯಾಗಲಿಲ್ಲ.

ತಪ್ಪಿರುವುದು ಗೋದಾಮಿಗೂ 95ರ ಗುರಿ ಇಟ್ಟದ್ದರಲ್ಲಿ. ಗ್ರಾಹಕ ನೋಡುವುದು ಡಿಪೋದ ಕಪಾಟನ್ನು. ಗೋದಾಮಿನಲ್ಲಿ ಎರಡು ದಿನ ಮಾಲು ಇಲ್ಲದಿದ್ದರೆ ಅವನಿಗೆ ಗೊತ್ತೇ ಆಗುವುದಿಲ್ಲ, ಡಿಪೋದ ಸ್ಟಾಕ್ ಅದನ್ನು ತಡೆದುಕೊಳ್ಳುತ್ತದೆ. ಎರಡು ಹಂತಗಳಿಗೂ ಬೇರೆ ಬೇರೆ ಗುರಿ ಕೊಟ್ಟು, ಬೇರೆ ಬೇರೆ ಮ್ಯಾನೇಜರ್‌ಗಳನ್ನು ಅದಕ್ಕೆ ಹೊಣೆ ಮಾಡಿದರೆ ಇಬ್ಬರೂ ತಮ್ಮ ತಮ್ಮ ಮೀಸಲು ಕಟ್ಟಿಕೊಳ್ಳುತ್ತಾರೆ. ಅವರ ತಪ್ಪಲ್ಲ, ಅಳೆಯುವ ಕೋಲು ಹಾಗಿದೆ.

ಹಾಗಾದರೆ ಗೋದಾಮಿನಲ್ಲಿ ಎಷ್ಟು ಕಡಿಮೆ ಮಾಡಬಹುದು? ಸೊನ್ನೆಯವರೆಗೂ! 1981ರಲ್ಲಿ ಎಪ್ಪೆನ್ ಮತ್ತು ಲೈನಸ್ ಶ್ರೇಜ್ ಇಂಥ ವ್ಯವಸ್ಥೆಯನ್ನೇ ಲೆಕ್ಕ ಹಾಕಿದರು. ಗೋದಾಮಿನಲ್ಲಿ ಮಾಲು ನಿಲ್ಲುವುದೇ ಇಲ್ಲ, ಬಂದ ದಿನವೇ ಹಂಚಿ ಕಳಿಸುತ್ತಾರೆ. ಆದರೆ ಆರ್ಡರ್ ಮಾಡುವಾಗ ನಾಲ್ಕೂ ಡಿಪೋಗಳಿಗೆ ಸೇರಿಸಿ ಒಂದೇ ಆರ್ಡರ್. ಯಾವ ಡಿಪೋಗೆ ಎಷ್ಟು ಅನ್ನುವುದನ್ನು ಆಗ ಹೇಳುವುದಿಲ್ಲ. 4 ವಾರ ಆದ ಮೇಲೆ ಲಾರಿ ಬಂದಾಗ ಯಾರ ಹತ್ತಿರ ಎಷ್ಟು ಉಳಿದಿದೆ ಅಂತ ನೋಡಿ, ಎಲ್ಲರೂ ಸಮ ಆಗುವ ಹಾಗೆ ಹಂಚುತ್ತಾರೆ.

ಇದರಲ್ಲಿ ಮೊದಲ 4 ವಾರದ ಏರಿಳಿತವನ್ನು ನಾಲ್ಕೂ ಡಿಪೋ ಹಂಚಿಕೊಂಡು ಹೊರುತ್ತವೆ. ಒಂದು ಡಿಪೋದ ಪಾಲಿಗೆ 80ರ ಬದಲು 40 ಬರುತ್ತದೆ. ಕೊನೆಯ 1 ವಾರದ 40 ಮಾತ್ರ ಅದರದ್ದೇ ಹೊರೆ. ಎರಡನ್ನು ಲಂಬವಾಗಿ ಕೂಡಿದರೆ ಸುಮಾರು 57. ಸೇಫ್ಟಿ ಸ್ಟಾಕ್ 93, ನಾಲ್ಕಕ್ಕೆ 373. ಮಾಲು ಒಂದು ವಾರ ಹೆಚ್ಚು ದಾರಿ ಸವೆಸಿದರೂ 528 ಇದ್ದದ್ದು 373 ಆಯಿತು. ನೂರಕ್ಕೆ 29 ಕಡಿಮೆ. ಗೋದಾಮಿನ ಕಪಾಟು ಖಾಲಿ!

ಈ ಲೆಕ್ಕ ಮೊದಲ ಸಲ ಮಾಡಿ ನೋಡಿದಾಗ ನನ್ನ ತಲೆಯಲ್ಲಿದ್ದ ಒಂದು ಗಂಟು ಬಿಚ್ಚಿತು. ಪೂಲಿಂಗ್ ಅಂದರೆ ಮಾಲನ್ನು ಒಂದು ಕಡೆ ಪೇರಿಸಿಡುವುದು ಅಂದುಕೊಂಡಿದ್ದೆ. ಹಾಗಲ್ಲ. ಈ ನಗ ಉತ್ತರಕ್ಕೆ, ಆ ನಗ ದಕ್ಷಿಣಕ್ಕೆ ಅಂತ ಹಣೆಬರಹ ಬರೆಯುವುದನ್ನು ಎಷ್ಟು ತಡ ಮಾಡುತ್ತೀರೋ ಅಷ್ಟು ಪೂಲಿಂಗ್. ಗೋದಾಮು ಅದಕ್ಕೆ ಒಂದು ದಾರಿ. ಇನ್ನೂ ದಾರಿಗಳಿವೆ. ಡಿಪೋಗಳು ಒಂದಕ್ಕೊಂದು ಮಾಲು ಕಳಿಸಿಕೊಳ್ಳುವುದೂ ಇದೇ, ಹಣೆಬರಹ ತಿದ್ದುವ ಕೆಲಸ. ಹ್ಯೂಲೆಟ್-ಪ್ಯಾಕರ್ಡ್ ಕಂಪನಿ ತನ್ನ ಡೆಸ್ಕ್‌ಜೆಟ್ ಪ್ರಿಂಟರ್‌ನಲ್ಲಿ ಇದನ್ನೇ ಇನ್ನೊಂದು ಬಗೆಯಲ್ಲಿ ಮಾಡಿತು. ದೇಶಕ್ಕೊಂದು ವಿದ್ಯುತ್ ಪ್ಲಗ್, ಭಾಷೆಗೊಂದು ಕೈಪಿಡಿ ಬೇಕಿತ್ತು. ಅವನ್ನು ಕಾರ್ಖಾನೆಯಲ್ಲೇ ಸೇರಿಸುವ ಬದಲು ಯುರೋಪಿನ ವಿತರಣಾ ಕೇಂದ್ರದಲ್ಲಿ, ಆರ್ಡರ್ ನೋಡಿಕೊಂಡು ಸೇರಿಸತೊಡಗಿದರು. ಹಡಗಿನಲ್ಲಿ ಬರುವಾಗ ಪ್ರಿಂಟರ್ ಯಾವ ದೇಶದ್ದೂ ಆಗಿರಲಿಲ್ಲ.

ಹಂಚುವವರು ಯಾರು?

ಉಪನ್ಯಾಸದ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬರು ಚಿಕ್ಕ ಡಿಪೋ ನೋಡಿಕೊಳ್ಳುವವರು. "ಸರ್, ಎಲ್ಲ ಒಂದೇ ಕಡೆ ಇಟ್ಟರೆ ದೊಡ್ಡ ಪ್ರದೇಶದವರು ಬೆಳಗ್ಗೆಯೇ ಬಾಚಿಕೊಂಡು ಹೋಗುತ್ತಾರೆ. ನಮಗೇನು ಉಳಿಯುತ್ತದೆ?" ಅಂತ ಕೇಳಿದರು. ಈ ಭಯ ನಿಜವಾದದ್ದು. ನಾನು ಹಾಕಿದ ಲೆಕ್ಕವೆಲ್ಲ ಗೋದಾಮಿನ ಸೇವೆಯ ಮಟ್ಟ ಹೇಳುತ್ತದೆ, ಒಂದೊಂದು ಪ್ರದೇಶದ್ದಲ್ಲ. ಕೊರತೆ ಬಂದ ದಿನ ಮೊದಲು ಕೇಳಿದವರಿಗೆ ಕೊಡುತ್ತಾ ಹೋದರೆ ಅವರಂಥವರಿಗೆ ಪೆಟ್ಟು ಬೀಳುತ್ತದೆ. ಒಮ್ಮೆ ಪೆಟ್ಟು ತಿಂದವರು ಮುಂದಿನ ಸಲ 20 ಬೇಕಿದ್ದರೆ 40 ಕೇಳುತ್ತಾರೆ. ನಾನು ಕೆಲಸ ಮಾಡಿದ ಒಂದು ಕಡೆ, ಡಿಪೋದ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಲೆಕ್ಕಕ್ಕೇ ಬಾರದ ಡಬ್ಬಗಳ ಸಾಲು ಸಿಕ್ಕಿತು. ಮೇಲೆ ಸೀಮೆಸುಣ್ಣದಲ್ಲಿ ಗ್ರಾಹಕರ ಹೆಸರು. ಆ ಗ್ರಾಹಕರು ಇನ್ನೂ ಆರ್ಡರ್ ಕೊಟ್ಟಿರಲೇ ಇಲ್ಲ. ಕಾಗದದ ಮೇಲೆ ಪೂಲಿಂಗ್ ನಡೆಯುತ್ತಿತ್ತು, ಕಪಾಟಿನಲ್ಲಿ ಹಳೆಯ ಹಂಚಿಕೆಯೇ ಇತ್ತು.

ಅದಕ್ಕೇ ಕೊರತೆಯ ದಿನ ಹೇಗೆ ಹಂಚುತ್ತೇವೆ ಅನ್ನುವುದನ್ನು ಕೊರತೆ ಬರುವ ಮೊದಲೇ ಬರೆದಿಡಬೇಕು. ನಾನು ಸಾಮಾನ್ಯವಾಗಿ ಹೇಳುವ ನಿಯಮ ಇದು: ಸ್ಟಾಕ್ ಒಂದು ಗೆರೆಗಿಂತ ಕೆಳಗೆ ಹೋದರೆ, ಪ್ರತಿ ಪ್ರದೇಶಕ್ಕೂ ಅದರ ಸರಾಸರಿ ಬೇಡಿಕೆಯ ಅನುಪಾತದಲ್ಲಿ ಮಾತ್ರ ಕೊಡುವುದು. ಯಾರು ಎಷ್ಟು ಕೇಳಿದರು ಅನ್ನುವುದನ್ನು ಆ ದಿನ ನೋಡುವುದಿಲ್ಲ. ಹಾಗೆ ಮಾಡಿದರೆ ಜಾಸ್ತಿ ಕೇಳಿ ಲಾಭ ಪಡೆಯಲು ದಾರಿ ಇರುವುದಿಲ್ಲ. ಒಂದು ಪಾಲನ್ನು ಚಿಕ್ಕ ಡಿಪೋಗೆ ಶಾಶ್ವತವಾಗಿ ಕಾದಿರಿಸುವುದು ಮಾತ್ರ ಬೇಡ. ಕಾದಿರಿಸಿದ ಕ್ಷಣವೇ ಆ ಪಾಲು ಪೂಲ್‌ನಿಂದ ಹೊರಗೆ ಹೋಯಿತು.

ಇನ್ನೊಬ್ಬರ ಪ್ರಶ್ನೆ ತೀರಾ ಕೆಲಸದ್ದು. ನಿಧಾನದ ಮಾಲನ್ನು ಕೇಂದ್ರಕ್ಕೆ ತರುವುದೆಂದು ನಿರ್ಧಾರವಾದ ಮೇಲೆ, ಡಿಪೋಗಳಲ್ಲಿ ಈಗಾಗಲೇ ಇರುವುದನ್ನು ಲಾರಿಗೆ ಹಾಕಿ ವಾಪಸ್ ತರಿಸಬೇಕಾ? ಹೆಚ್ಚಿನದನ್ನು ಬೇಡ. ವಾಪಸ್ ಸಾಗಣೆಯ ಖರ್ಚು ಒಂದು ಕಡೆ, ದಾರಿಯಲ್ಲಿ ಡಬ್ಬ ಒಡೆಯುವುದು, ಲೇಬಲ್ ಅದಲುಬದಲಾಗುವುದು ಇನ್ನೊಂದು ಕಡೆ. ಡಿಪೋದಿಂದ ಹೊಸ ಆರ್ಡರ್ ಹೋಗುವುದನ್ನು ನಿಲ್ಲಿಸಿ. ಹೊಸ ಮಾಲೆಲ್ಲ ಕೇಂದ್ರಕ್ಕೆ ಬಂದು ಸೇರಲಿ. ಡಿಪೋಗಳ ಕಪಾಟಿನಲ್ಲಿರುವುದನ್ನು ಕಂಪ್ಯೂಟರಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಮಾಡಿ. ಯಾವ ಪ್ರದೇಶದಿಂದ ಆರ್ಡರ್ ಬಂದರೂ ಮೊದಲು ಆ ಹಳೆಯ ಸ್ಟಾಕ್‌ನಿಂದಲೇ ಕಳಿಸಿ. ವರ್ಷಕ್ಕೆ 20 ಹೋಗುವ ಆ ಬಿಡಿಭಾಗದಲ್ಲಿ 20 ಇದ್ದದ್ದು 5ಕ್ಕೆ ಇಳಿಯಲು ಸುಮಾರು ಒಂಬತ್ತು ತಿಂಗಳು ಹಿಡಿಯುತ್ತದೆ. ಅಷ್ಟು ದಿನ ಆ ಭಾಗವನ್ನು ಒಂದೂ ಕೊಳ್ಳಬೇಕಾಗಿಲ್ಲ. ಕೊನೆಯ ಐದು ನಗ ಉಳಿದಾಗ ಅವು ಯಾವ ಡಿಪೋಗಳಲ್ಲಿವೆ ಅಂತ ನೋಡಿ, ಅವನ್ನು ಮಾತ್ರ ಕೇಂದ್ರಕ್ಕೆ ತರಿಸಿ.